ಪಲ್ಲವಿಗೆ ಮರುಳಾಗುವ ಮೊದಲು: ಹಾರ್ಟ್‌ಲ್ಯಾಂಡ್ ರಾಕ್ ಕೇಳುವ ಒಂದು ಕ್ರಮ

ಕ್ರೀಡಾಂಗಣ ತುಂಬಿದ ಜನ ಮುಷ್ಟಿ ಎತ್ತಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿರುತ್ತಾರೆ. ಅದೇ ಹಾಡಿನ ಚರಣದಲ್ಲಿ ಒಬ್ಬ ಮನುಷ್ಯ ಕೆಲಸ ಕೇಳಿಕೊಂಡು ಹೋಗಿ ಬರಿಗೈಯಲ್ಲಿ ವಾಪಸಾಗುತ್ತಿರುತ್ತಾನೆ. ಅಮೆರಿಕದ ಹಾರ್ಟ್‌ಲ್ಯಾಂಡ್ ರಾಕ್ ಎಂಬ ಸಂಗೀತ ನಿಂತಿರುವುದೇ ಈ ಎರಡರ ಜಗ್ಗಾಟದ ಮೇಲೆ. ಪಲ್ಲವಿಯನ್ನಷ್ಟೇ ಕೇಳಿದವರಿಗೆ ಇದು ಉತ್ಸಾಹದ ಸಂಗೀತ. ಚರಣವನ್ನಷ್ಟೇ ಓದಿದವರಿಗೆ ಗೋಳಿನ ಕಥೆ. ಎರಡನ್ನೂ ಒಟ್ಟಿಗೆ ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಆ ಅಭ್ಯಾಸಕ್ಕೆ ಒಂದು ದಾರಿಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪರಿಚಯ, ಚುಟುಕಾಗಿ. 1970ರ ದಶಕದ ನಡುವಿನಿಂದ 1980ರ ದಶಕದ ಕೊನೆಯವರೆಗೆ ಈ ಸಂಗೀತದ ಭರಾಟೆ. ಮಿಷಿಗನ್‌ನ ಬಾಬ್ ಸೀಗರ್, ನ್ಯೂಜೆರ್ಸಿಯ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಇಂಡಿಯಾನಾದ ಜಾನ್ ಮೆಲೆನ್‌ಕ್ಯಾಂಪ್, ಫ್ಲಾರಿಡಾದ ಟಾಮ್ ಪೆಟ್ಟಿ ಇದರ ದೊಡ್ಡ ಹೆಸರುಗಳು. ನಕ್ಷೆ ತೆಗೆದು ನೋಡಿದರೆ ನ್ಯೂಜೆರ್ಸಿಯಾಗಲಿ ಫ್ಲಾರಿಡಾವಾಗಲಿ ಅಮೆರಿಕದ ಒಳನಾಡೇ ಅಲ್ಲ, ಎರಡೂ ಕಡಲ ಕರಾವಳಿಯ ರಾಜ್ಯಗಳು. ಹಾಗಾಗಿ ಈ ಹೆಸರನ್ನು ಭೂಗೋಳದ ಲೆಕ್ಕದಲ್ಲಿ ತೆಗೆದುಕೊಳ್ಳಬೇಡಿ. ಗಿರಣಿ, ಕಾರು ಕಾರ್ಖಾನೆ, ಹೊಲ, ಅಂಗಡಿ ಸಾಲು ಇರುವ ಒಂದೇ ಮುಖ್ಯ ಬೀದಿ, ಅಲ್ಲಿ ಹುಟ್ಟಿ ಅಲ್ಲೇ ದುಡಿಯುವ ಜನ ಎಲ್ಲಿದ್ದಾರೋ ಅಲ್ಲೆಲ್ಲ ಈ ಹಾಡುಗಳ ಊರು.

ಕಲಿಕೆಗೆ ನಾನು ಆರಿಸಿಕೊಳ್ಳುವುದು ಸ್ಪ್ರಿಂಗ್‌ಸ್ಟೀನ್ ಅವರ 'ಬಾರ್ನ್ ಇನ್ ದ ಯು.ಎಸ್.ಎ.' ಹಾಡನ್ನು. 1984ರ ಜೂನ್‌ನಲ್ಲಿ ಅದೇ ಹೆಸರಿನ ಆಲ್ಬಮ್‌ನ ಮೊದಲ ಹಾಡಾಗಿ ಬಂತು. ಇಷ್ಟು ಜನಪ್ರಿಯವಾಗಿಯೂ ಇಷ್ಟು ತಪ್ಪಾಗಿ ಕೇಳಲ್ಪಟ್ಟ ಹಾಡು ಇನ್ನೊಂದಿಲ್ಲ ಎನ್ನುವಷ್ಟರ ಮಟ್ಟಿಗೆ ಅದು ಪಾಠಕ್ಕೆ ಯೋಗ್ಯ.

ಹಂತ 1: ಸಂಗೀತ ನಿಲ್ಲಿಸಿ, ಚರಣಗಳನ್ನು ಓದಿ

ಹಾಡನ್ನು ಇನ್ನೂ ಹಾಕಬೇಡಿ. ಸಾಹಿತ್ಯವನ್ನು ಹುಡುಕಿ ತೆರೆಯಿರಿ. ಕಲಾವಿದರ ಅಧಿಕೃತ ತಾಣದಲ್ಲಿ ಸಿಕ್ಕರೆ ಒಳ್ಳೆಯದು, ಏಕೆಂದರೆ ಓದುಗರೇ ತುಂಬಿಸುವ ತಾಣಗಳಲ್ಲಿ ಊರಿನ ಹೆಸರುಗಳೇ ತಪ್ಪಾಗಿರುವುದುಂಟು. ಪಲ್ಲವಿಯ ಸಾಲುಗಳ ಮೇಲೆ ಕೈ ಮುಚ್ಚಿ, ಚರಣಗಳನ್ನು ಮಾತ್ರ ಪತ್ರಿಕೆಯ ಸುದ್ದಿಯಂತೆ ಓದಿ. ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಮಾತನಾಡುತ್ತಿರುವವರು ಯಾರು, ಯಾವ ಬಗೆಯ ಊರು, ಏನು ಕೆಲಸ, ಅವರಿಗೆ ಎದುರಾದವರು ಯಾರು.

ಈ ಹಾಡಿನಲ್ಲಿ ಬರೆದುಕೊಳ್ಳುವಾಗ ಸಿಗುವುದು ಇಷ್ಟು. ಸತ್ತವರ ಊರಿನಂಥ ಊರೊಂದರಲ್ಲಿ ಹುಟ್ಟಿದವನು, ನೆಲಕ್ಕೆ ಬಿದ್ದ ಕ್ಷಣದಿಂದಲೇ ಒದೆ ತಿಂದವನು. ಊರಿನಲ್ಲಿ ಸಣ್ಣದೊಂದು ತಂಟೆಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ಕೈಗೆ ಬಂದೂಕು ಕೊಟ್ಟು ಪರದೇಶಕ್ಕೆ ಕಳಿಸುತ್ತಾರೆ. ಅಲ್ಲಿನ ಜನರನ್ನು ಮೈಬಣ್ಣದಿಂದ ಹಂಗಿಸುವ ಒಂದು ಪದ ಈ ಸಾಲಿನಲ್ಲಿದೆ. ಅದನ್ನು ಗಾಯಕನ ಅಭಿಪ್ರಾಯವೆಂದು ತಿಳಿಯಬಾರದು. ಸೈನ್ಯ ಈ ಹುಡುಗನ ಬಾಯಿಗೆ ಇಟ್ಟ ಮಾತು ಅದು. ಯುದ್ಧ ಮುಗಿಸಿ ಬಂದವನು ಕೆಲಸ ಕೇಳಲು ತೈಲ ಶುದ್ಧೀಕರಣ ಘಟಕಕ್ಕೆ ಹೋಗುತ್ತಾನೆ. ನೇಮಕಾತಿಯವನು "ನನ್ನ ಕೈಯಲ್ಲಿದ್ದಿದ್ದರೆ ಮಗನೇ..." ಎಂದು ಮಾತು ಅರ್ಧಕ್ಕೆ ನಿಲ್ಲಿಸುತ್ತಾನೆ. ಅಲ್ಲಿಂದ ಮಾಜಿ ಯೋಧರ ಕಲ್ಯಾಣ ಕಚೇರಿಗೆ. ಅಲ್ಲಿನ ಅಧಿಕಾರಿಯೂ "ನಿನಗೆ ಅರ್ಥವಾಗುವುದಿಲ್ಲವೇ" ಎನ್ನುತ್ತಾನೆ.

ಆ ಇಬ್ಬರು ಅಧಿಕಾರಿಗಳನ್ನು ಸ್ವಲ್ಪ ಗಮನಿಸಿ. ಇಬ್ಬರೂ ಕೆಟ್ಟವರಲ್ಲ, ಇಬ್ಬರೂ ಪ್ರೀತಿಯಿಂದಲೇ ಮಾತನಾಡುತ್ತಾರೆ. ಆದರೆ ಇಬ್ಬರ ಮಾತೂ ಪೂರ್ತಿಯಾಗುವುದಿಲ್ಲ. ಇಲ್ಲವೆಂದು ಬಾಯಿ ಬಿಟ್ಟು ಹೇಳುವ ಪ್ರಸಂಗವೇ ಹಾಡಿನಲ್ಲಿಲ್ಲ. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತ ಅನುಭವವಿರುವ ಯಾರಿಗಾದರೂ ಈ ಅರ್ಧ ವಾಕ್ಯದ ಭಾಷೆ ಗೊತ್ತು. ಈ ಸಂಗೀತವನ್ನು ಸರಳ ಮಾತಿನ ಸಂಗೀತ ಎನ್ನುವುದು ಇದಕ್ಕಾಗಿ: ಉಪಮೆ ಕಡಿಮೆ, ಜನ ನಿಜವಾಗಿ ಆಡುವ ಮಾತು ಹೆಚ್ಚು. ಓದುವಾಗ ಯಾರ ಮಾತು ಎಲ್ಲಿ ತುಂಡಾಯಿತು ಎಂದು ಗುರುತು ಹಾಕಿಕೊಳ್ಳಿ. ಕಥೆಯ ಭಾರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಹಂತ 2: ಹಾಡಿನ ಹಿಂದಿನ ಊರನ್ನು ಪತ್ತೆಮಾಡಿ

ಇದಕ್ಕೆ ಇತಿಹಾಸದ ಪುಸ್ತಕಗಳನ್ನು ಹರಡಿಕೊಂಡು ಕೂರಬೇಕಾಗಿಲ್ಲ. ಎರಡು ಪ್ರಶ್ನೆ ಸಾಕು. ಬರೆದವರು ಯಾವ ಊರಿನಲ್ಲಿ ಬೆಳೆದರು, ಮತ್ತು ಹಾಡು ಬರೆದ ವರ್ಷ ಅಲ್ಲಿನ ಕೆಲಸಗಳಿಗೆ ಏನಾಗಿತ್ತು?

ಸ್ಪ್ರಿಂಗ್‌ಸ್ಟೀನ್ ಹುಟ್ಟಿದ್ದು 1949ರಲ್ಲಿ, ಬೆಳೆದದ್ದು ನ್ಯೂಜೆರ್ಸಿಯ ಫ್ರೀಹೋಲ್ಡ್ ಎಂಬ ಸಣ್ಣ ಪಟ್ಟಣದಲ್ಲಿ. ಅಲ್ಲಿ ಒಂದು ರತ್ನಗಂಬಳಿ ಗಿರಣಿ ಇತ್ತು, ಮುಂದೆ ಮುಚ್ಚಿತು. ತಂದೆ ಗಿರಣಿ, ಕಾರು ಕಾರ್ಖಾನೆ, ಜೈಲಿನ ಕಾವಲು, ಬಸ್ ಚಾಲನೆ ಎಂದು ಕೆಲಸದಿಂದ ಕೆಲಸಕ್ಕೆ ಅಲೆದವರು. ಸ್ಪ್ರಿಂಗ್‌ಸ್ಟೀನ್ ಅವರ ಮೊದಲ ತಂಡಗಳಲ್ಲೊಂದರ ಡ್ರಮ್ ವಾದಕ ವಿಯೆಟ್ನಾಂನಲ್ಲಿ ಸತ್ತ. ತಾನು ಮಾತ್ರ ದೈಹಿಕ ಪರೀಕ್ಷೆಯಲ್ಲಿ ಅನರ್ಹನಾಗಿ ಉಳಿದುಕೊಂಡದ್ದು ಅವರನ್ನು ಬಹಳ ಕಾಲ ಕಾಡಿದ ಸಂಗತಿ. 1981ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಯೆಟ್ನಾಂ ಮಾಜಿ ಯೋಧರ ಸಂಘಟನೆಗಾಗಿ ಅವರು ಸಹಾಯಾರ್ಥ ಕಛೇರಿ ಕೊಟ್ಟರು. ಆ ಯುದ್ಧದಿಂದ ಮರಳಿದ ಹುಡುಗರ ವಿಚಾರವಾಗಿ ಬರೆಯುತ್ತಿದ್ದ ಹಾಡು ಮುಂದಿನ ಚಳಿಗಾಲದ ಹೊತ್ತಿಗೆ ರೂಪ ಪಡೆಯಿತು.

ಇನ್ನು ಕೆಲಸಗಳ ಕಥೆ. 1977ರ ಸೆಪ್ಟೆಂಬರ್ 19ರಂದು, ಒಂದು ಸೋಮವಾರ, ಒಹಾಯೊ ರಾಜ್ಯದ ಯಂಗ್ಸ್‌ಟೌನ್‌ನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯೊಂದು ಮುಚ್ಚುವುದಾಗಿ ಘೋಷಿಸಿತು. ಸುಮಾರು ಐದು ಸಾವಿರ ಜನ ಕೆಲಸ ಕಳೆದುಕೊಂಡರು. ಮುಂದಿನ ವರ್ಷಗಳಲ್ಲಿ ಅದೇ ಸುದ್ದಿ ಊರಿಂದ ಊರಿಗೆ ಹೋಯಿತು. 1982ರ ಕೊನೆಗೆ ಅಮೆರಿಕದ ನಿರುದ್ಯೋಗ ಶೇ. 10.8ಕ್ಕೆ ಮುಟ್ಟಿತ್ತು. ಹಾಡಿನ ನೇಮಕಾತಿಯವನ ಅರ್ಧ ವಾಕ್ಯವನ್ನು ಈ ಅಂಕಿಯ ಪಕ್ಕದಲ್ಲಿ ಇಟ್ಟು ಓದಿ. ಅವನು ನೆಪ ಹೇಳುತ್ತಿಲ್ಲ, ಕೊಡಲು ಅವನ ಬಳಿ ಕೆಲಸವೇ ಇಲ್ಲ.

ಹಂತ 3: ಮೊದಲು ಬರಿ ಗಿಟಾರಿನ ಆವೃತ್ತಿ, ಆಮೇಲೆ ತಂಡದ ಆವೃತ್ತಿ

ಈ ಹಾಡಿಗೆ ಎರಡು ಮುಖ್ಯ ಧ್ವನಿಮುದ್ರಣಗಳಿವೆ. ಕೇಳುವ ಅನುಕ್ರಮ ತಪ್ಪಿದರೆ ಅರ್ಧ ಪಾಠ ಹೋಯಿತು.

1982ರ ಜನವರಿಯಲ್ಲಿ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಕುಳಿತು, ಸಾಮಾನ್ಯ ಕ್ಯಾಸೆಟ್ ಮೇಲೆ ನಾಲ್ಕು ಪಥಗಳಲ್ಲಿ ಮುದ್ರಿಸುವ ಚಿಕ್ಕ ಯಂತ್ರವೊಂದರಲ್ಲಿ ಹೊಸ ಹಾಡುಗಳನ್ನು ದಾಖಲಿಸಿಕೊಂಡರು. ತಂಡಕ್ಕೆ ಕಲಿಸುವುದಕ್ಕೆ ಕರಡು ಅದು. ಸ್ಟುಡಿಯೋದಲ್ಲಿ ತಂಡ ನುಡಿಸಿದಾಗ ಅನೇಕ ಹಾಡುಗಳು ಕಳೆಗುಂದಿದವು. ಕೊನೆಗೆ ಆ ಕ್ಯಾಸೆಟ್ಟನ್ನೇ 'ನೆಬ್ರಾಸ್ಕ' ಎಂಬ ಆಲ್ಬಮ್ ಆಗಿ ಅದೇ ವರ್ಷ ಹೊರತಂದರು. 'ಬಾರ್ನ್ ಇನ್ ದ ಯು.ಎಸ್.ಎ.' ಆ ಕಾಲದ ಕರಡುಗಳಲ್ಲೇ ಒಂದು, ಆದರೆ ಆ ಆಲ್ಬಮ್‌ನಲ್ಲಿ ಸೇರಲಿಲ್ಲ. ಅದರ ಬರಿ ಗಿಟಾರಿನ ರೂಪ 1998ರಲ್ಲಿ 'ಟ್ರ್ಯಾಕ್ಸ್' ಎಂಬ ಸಂಗ್ರಹದಲ್ಲಿ ಬಂತು. ಅದನ್ನು ಮೊದಲು ಹಾಕಿ.

ಇಲ್ಲಿ ಪಲ್ಲವಿ ಮೇಲೇಳುವುದೇ ಇಲ್ಲ. ತನ್ನ ಹುಟ್ಟೂರಿನ ದೇಶದ ಹೆಸರನ್ನು ಅವನು ಕಚೇರಿಯಲ್ಲಿ ಅರ್ಜಿ ತುಂಬಿಸುವವನಂತೆ ಹೇಳುತ್ತಾನೆ. ಹುಟ್ಟಿದ ಸ್ಥಳ: ಇದು. ಮುಂದೇನು? ಏನೂ ಇಲ್ಲ. ಈ ರೂಪವನ್ನು ಕೇಳಿದವರು ಯಾರೂ ಇದನ್ನು ದೇಶಭಕ್ತಿಯ ಜಯಘೋಷವೆಂದು ತಪ್ಪು ತಿಳಿಯಲಾರರು.

ಈಗ ತಂಡದ ಆವೃತ್ತಿ. 1982ರ ವಸಂತದಲ್ಲಿ ನ್ಯೂಯಾರ್ಕ್‌ನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ತಮ್ಮ ತಂಡವಾದ ಇ ಸ್ಟ್ರೀಟ್ ಬ್ಯಾಂಡ್ ಜೊತೆ ಮುದ್ರಿಸಿದ್ದು. ಮೊದಲ ಬಾರಿ ಕೇಳುವಾಗ ಎರಡೇ ವಾದ್ಯಗಳನ್ನು ಹಿಡಿಯಿರಿ. ರಾಯ್ ಬಿಟನ್ ಅವರ ಸಿಂಥಸೈಸರ್ ನುಡಿಸುವ ಒಂದು ತುಣುಕು ಹಾಡಿನ ಉದ್ದಕ್ಕೂ ಬದಲಾಗದೆ ತಿರುಗುತ್ತಿರುತ್ತದೆ, ಮ್ಯಾಕ್ಸ್ ವೈನ್‌ಬರ್ಗ್ ಅವರ ಸ್ನೇರ್ ಡ್ರಮ್ ಪಿಸ್ತೂಲು ಹಾರಿದಂತೆ ಬಡಿಯುತ್ತಿರುತ್ತದೆ. ಇಡೀ ಹಾಡಿಗೆ ಇರುವುದು ಎರಡೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಎರಡೇ ಗುಚ್ಛ. ಗಿಟಾರ್ ಕಲಿಯುವವರು ಬಿ ಮತ್ತು ಇ ಹಿಡಿದು ಮೊದಲಿಂದ ಕೊನೆಯವರೆಗೂ ಜೊತೆಗೆ ನುಡಿಸಬಹುದು. ನುಡಿಸಿದರೆ ಒಂದು ವಿಚಾರ ಬೆರಳಿಗೇ ಗೊತ್ತಾಗುತ್ತದೆ. ಚರಣದ ಸಂಗೀತ ಮತ್ತು ಪಲ್ಲವಿಯ ಸಂಗೀತ ಎರಡೂ ಒಂದೇ! ಸಾಮಾನ್ಯವಾಗಿ ಪಲ್ಲವಿ ಬಂದಾಗ ಕಾರ್ಡ್‌ಗಳು ಬದಲಾಗಿ ಕೇಳುವವರಿಗೆ ಒಂದು ಬಿಡುಗಡೆ ಸಿಗುತ್ತದೆ. ಇಲ್ಲಿ ಧ್ವನಿ ಮಾತ್ರ ಏರುತ್ತದೆ, ನೆಲ ಅದೇ. ಕಥೆಯ ಮನುಷ್ಯನಿಗೆ ಹೋಗಲು ಬೇರೆ ಜಾಗವಿಲ್ಲದ ಹಾಗೆಯೇ ರಾಗಕ್ಕೂ ಬೇರೆ ಜಾಗವಿಲ್ಲ.

ಎರಡು ಆವೃತ್ತಿಗಳನ್ನೂ ಕೇಳಿದ ಮೇಲೆ ಯಾವುದು ಸರಿ ಎಂಬ ಪ್ರಶ್ನೆ ಬರುತ್ತದೆ. ಗಿಟಾರಿನ ಆವೃತ್ತಿಯೇ ಪ್ರಾಮಾಣಿಕ, ತಂಡದ್ದು ಮಾರುಕಟ್ಟೆಗಾಗಿ ಮಾಡಿದ್ದು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗಿಟಾರಿನ ರೂಪದಲ್ಲಿ ಸೋತವನು ಸೋತವನೇ. ತಂಡದ ರೂಪದಲ್ಲಿ ಅವನು ಸೋತಿದ್ದರೂ ಕೂಗುತ್ತಿದ್ದಾನೆ, ಮತ್ತು ಆ ಕೂಗು ದೂರೋ ಹೆಮ್ಮೆಯೋ ಎಂದು ಅವನಿಗೇ ತಿಳಿಯದು. ಅದು ಹೆಚ್ಚು ಕಷ್ಟದ ಕೆಲಸ, ಅಪಾಯದ ಕೆಲಸವೂ ಹೌದು. ಅಪಾಯ ಏನೆಂಬುದು ಐದನೆಯ ಹಂತದಲ್ಲಿ ಬರುತ್ತದೆ.

ಹಂತ 4: ಪಲ್ಲವಿ ಎಲ್ಲಿ ಬರಲಿಲ್ಲ ಎಂದು ಕೇಳಿ

ನಮ್ಮ ಭಾವಗೀತೆ, ಚಿತ್ರಗೀತೆಗಳಲ್ಲಿ ಪಲ್ಲವಿ ಮೊದಲು, ಪ್ರತಿ ಚರಣ ಮುಗಿದ ಮೇಲೆ ತಪ್ಪದೆ ಅಲ್ಲಿಗೆ ವಾಪಸು. ರಾಕ್‌ನಲ್ಲಿ ಚರಣ ಮೊದಲು, ಪಲ್ಲವಿ ಆಮೇಲೆ. ಕಥೆ ಹೇಳಿ ಆಮೇಲೆ ಕೂಗುವುದು. ಅದು ಬರುವುದನ್ನು ಕಾಯುವ ಅಭ್ಯಾಸ ಕಿವಿಗೆ ಬಿದ್ದಿರುತ್ತದೆ, ಆದ್ದರಿಂದ ಬರಬೇಕಾದಲ್ಲಿ ಬರದಿದ್ದರೆ ಕೇಳುವವರಿಗೆ ಏನೋ ತಪ್ಪಿದಂತಾಗುತ್ತದೆ.

ತಂಡದ ಆವೃತ್ತಿಯನ್ನು ಮತ್ತೊಮ್ಮೆ ಹಾಕಿ, ಪೆನ್ಸಿಲ್ ಹಿಡಿದು, ಪಲ್ಲವಿ ಬಂದ ಕಡೆಯೆಲ್ಲ ಗುರುತು ಮಾಡಿ. ಹುಟ್ಟಿನ ಚರಣದ ನಂತರ ಬರುತ್ತದೆ. ಬಂದೂಕಿನ ಚರಣದ ನಂತರವೂ ಬರುತ್ತದೆ. ಕೆಲಸ ಕೇಳಿ, ಕಚೇರಿ ಕೇಳಿ ವಾಪಸಾದ ಚರಣ ಮುಗಿದಾಗ? ಬರುವುದಿಲ್ಲ. ಅರ್ಥವಿಲ್ಲದ ಒಂದೆರಡು ಉದ್ಗಾರ, ಸಿಂಥಸೈಸರಿನ ಅದೇ ತುಣುಕು, ಅಷ್ಟೇ. ಅಲ್ಲಿಂದ ನೇರವಾಗಿ ಅಣ್ಣನೋ ತಮ್ಮನೋ ಆದ ಒಬ್ಬನ ಕಥೆಗೆ ಹಾಡು ಹೊರಳುತ್ತದೆ. ಅವನು ಖೆ ಸಾನ್‌ನಲ್ಲಿ ಹೋರಾಡಿದವನು. ಖೆ ಸಾನ್ ಎಂದರೆ 1968ರಲ್ಲಿ ಅಮೆರಿಕದ ಸೈನಿಕರು ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ನೆಲೆ. ಕೊನೆಗೆ ಆ ವರ್ಷವೇ ಅಮೆರಿಕನ್ನರು ಅದನ್ನು ಬಿಟ್ಟು ಹೊರಟರು. ಶತ್ರುಗಳು ಇನ್ನೂ ಅಲ್ಲಿದ್ದಾರೆ, ಅವನು ಇಲ್ಲ, ಎಂದು ಗಾಯಕ ಹೇಳುತ್ತಾನೆ. (ಸೈನಿಕ ಇತಿಹಾಸ ಬಲ್ಲವರು ಇಲ್ಲಿ ತಕರಾರು ತೆಗೆಯುವುದುಂಟು: ಅಲ್ಲಿ ಮುತ್ತಿದ್ದು ಬಹುಪಾಲು ಉತ್ತರ ವಿಯೆಟ್ನಾಂನ ಖಾಯಂ ಸೈನ್ಯ, ಹಾಡು ಹೇಳುವ ವಿಯೆಟ್‌ಕಾಂಗ್ ಗೆರಿಲ್ಲಾಗಳಲ್ಲ. ತಕರಾರು ಸರಿಯೇ, ಆದರೆ ಊರಿನ ಹುಡುಗನೊಬ್ಬ ಹೇಳುವುದು ಹಾಗೆಯೇ.)

ಈ ಜಾಗದಲ್ಲಿ ಸಾಲುಗಳನ್ನು ಎಣಿಸಿ. ಹಿಂದಿನ ಚರಣಗಳಿಗೆ ನಾಲ್ಕು ಸಾಲಿನ ಅಳತೆಯಿತ್ತು. ಇಲ್ಲಿ ಮೂರು ಸಾಲಿಗೇ ಮಾತು ನಿಲ್ಲುತ್ತದೆ. ನಾಲ್ಕನೆಯದರ ಜಾಗದಲ್ಲಿ ವಾದ್ಯ ಮಾತ್ರ. ಆಮೇಲೆ ಎರಡು ಸಾಲು: ಸೈಗಾನ್‌ನಲ್ಲಿ ಅವನು ಪ್ರೀತಿಸಿದ ಒಬ್ಬ ಹೆಣ್ಣು, ಅವಳ ತೋಳಿನಲ್ಲಿ ಅವನಿರುವ ಒಂದು ಫೋಟೋ ಈಗ ಇವನ ಬಳಿ. ಅಲ್ಲಿಗೂ ಪಲ್ಲವಿ ಇಲ್ಲ. ಜೈಲಿನ ನೆರಳು, ಶುದ್ಧೀಕರಣ ಘಟಕದ ಬೆಂಕಿ, ಹತ್ತು ವರ್ಷದ ಅಲೆದಾಟ ಎಲ್ಲ ಹೇಳಿಯಾದ ಮೇಲೆ ಅದು ಮರಳುತ್ತದೆ. ಮಾತು ಮೊದಲಿನದೇ, ಆದರೆ ಈಗ ಅದು ಹೊತ್ತು ಬಂದಿರುವ ಭಾರ ಬೇರೆ. ಕೊನೆಯ ಭಾಗದಲ್ಲಿ ಡ್ರಮ್ ಒಮ್ಮೆ ತಾಳ ಬಿಟ್ಟು ಸಿಡಿದು, ತಂಡವೆಲ್ಲ ಚೆಲ್ಲಾಪಿಲ್ಲಿಯಾದಂತೆ ಆಗಿ, ಮತ್ತೆ ಅದೇ ತುಣುಕಿಗೆ ಬಂದು ಸೇರುತ್ತದೆ.

ನೀವು ಹಾಡನ್ನು ಸರಿಯಾಗಿ ಕೇಳಿದಿರೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ: ಮೊದಲ ಪಲ್ಲವಿಯನ್ನೂ ಕೊನೆಯ ಪಲ್ಲವಿಯನ್ನೂ ಒಂದರ ಹಿಂದೆ ಒಂದು ಕೇಳಿ. ಎರಡೂ ಒಂದೇ ಎನ್ನಿಸಿದರೆ ನಡುವಿನ ಚರಣಗಳು ನಿಮ್ಮ ಕಿವಿಗೆ ಬೀಳದೆ ಹೋಗಿವೆ ಎಂದರ್ಥ. ಒಂದನೆಯ ಹಂತಕ್ಕೆ ವಾಪಸು ಹೋಗಿ.

ಹಂತ 5: ಕ್ರೀಡಾಂಗಣದ ಪಲ್ಲವಿ ಹೇಗೆ ಕಟ್ಟುತ್ತಾರೆ, ಎಲ್ಲಿ ಕೈಕೊಡುತ್ತದೆ

ದೊಡ್ಡ ಮೈದಾನದಲ್ಲಿ ಧ್ವನಿ ಹಿಂದಿನ ಸಾಲಿಗೆ ತಲುಪುವಾಗ ಸ್ವಲ್ಪ ತಡವಾಗುತ್ತದೆ, ಗೋಡೆಗೆ ಬಡಿದು ಮಾರ್ದನಿಸುತ್ತದೆ. ಚುರುಕಾದ ಮಾತುಗಳು ಅಲ್ಲಿ ಕಲಸಿಹೋಗುತ್ತವೆ. ಆದ್ದರಿಂದ ಪಲ್ಲವಿಗೆ ಕೆಲವೇ ಪದಗಳು, ಎಳೆಯಲು ಬರುವ ಸ್ವರಗಳು, ಎಲ್ಲರ ಗಂಟಲಿಗೂ ಎಟಕುವ ಶ್ರುತಿ, ಮತ್ತೆ ಮತ್ತೆ ಅದೇ ಸಾಲು. ಈ ಹಾಡಿನ ಪಲ್ಲವಿ ಎಂದರೆ ಶೀರ್ಷಿಕೆಯ ಪುನರಾವರ್ತನೆ, ಬೇರೇನೂ ಇಲ್ಲ. ಇಂಗ್ಲಿಷ್ ಸರಿಯಾಗಿ ಬಾರದವರೂ ಎರಡನೆಯ ಸಲಕ್ಕೆ ಜೊತೆಗೂಡಬಹುದು.

ಅದರ ಬೆಲೆಯೂ ಅಲ್ಲೇ ಇದೆ. ಇಷ್ಟು ಸುಲಭವಾಗಿ ಕಿತ್ತುಕೊಳ್ಳಬಹುದಾದ ಪಲ್ಲವಿಯನ್ನು ಚರಣದಿಂದ ಯಾರು ಬೇಕಾದರೂ ಕಿತ್ತುಕೊಳ್ಳಬಹುದು. 1984 ಅಧ್ಯಕ್ಷೀಯ ಚುನಾವಣೆಯ ವರ್ಷ. ಸೆಪ್ಟೆಂಬರ್‌ನಲ್ಲಿ ಜಾರ್ಜ್ ವಿಲ್ ಎಂಬ ಸಂಪ್ರದಾಯವಾದಿ ಅಂಕಣಕಾರ ಸ್ಪ್ರಿಂಗ್‌ಸ್ಟೀನ್ ಅವರ ಸಂಗೀತ ಕಛೇರಿಯನ್ನು ನೋಡಿ ಬಂದು, ಕಾರ್ಖಾನೆ ಮುಚ್ಚಿದ ಕಥೆಗಳಿದ್ದರೂ ಪಲ್ಲವಿ ಮಾತ್ರ ಉಲ್ಲಾಸದ ದೇಶಾಭಿಮಾನ ಎಂಬರ್ಥದ ಹೊಗಳಿಕೆ ಬರೆದರು. ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 19ರಂದು, ಅಂದಿನ ಅಧ್ಯಕ್ಷ ರೊನಾಲ್ಡ್ ರೇಗನ್ ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಪ್ರಚಾರ ಭಾಷಣ ಮಾಡುತ್ತ, ಆ ರಾಜ್ಯದ ಹುಡುಗನ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದು ಸ್ಪ್ರಿಂಗ್‌ಸ್ಟೀನ್ ಹೆಸರು ತೆಗೆದರು. ರೇಗನ್ ಈ ಹಾಡನ್ನೇ ಹೊಗಳಿದರು ಎಂದು ಎಲ್ಲೆಡೆ ಬರೆಯುತ್ತಾರೆ. ಭಾಷಣದಲ್ಲಿ ಬಂದದ್ದು ಗಾಯಕನ ಹೆಸರು, ಯಾವ ಹಾಡಿನ ಹೆಸರೂ ಅಲ್ಲ. ಎರಡು ದಿನ ಕಳೆದು ಪಿಟ್ಸ್‌ಬರ್ಗ್‌ನ ವೇದಿಕೆಯಲ್ಲಿ ಸ್ಪ್ರಿಂಗ್‌ಸ್ಟೀನ್, ಅಧ್ಯಕ್ಷರಿಗೆ ನನ್ನ ಯಾವ ಆಲ್ಬಮ್ ಇಷ್ಟವೋ, 'ನೆಬ್ರಾಸ್ಕ' ಇರಲಾರದು ಎಂಬರ್ಥದ ಮಾತಾಡಿ, ಆ ಆಲ್ಬಮ್‌ನಿಂದಲೇ 'ಜಾನಿ 99' ಹಾಡಿದರು. ಕಾರು ಕಾರ್ಖಾನೆ ಮುಚ್ಚಿ ಕೆಲಸ ಹೋದವನೊಬ್ಬ ಕೊಲೆಗಾರನಾಗುವ ಕಥೆ ಅದು. ಕ್ರೈಸ್ಲರ್ ಕಾರು ಕಂಪನಿ ಶೀರ್ಷಿಕೆ ಹಾಡನ್ನು ಜಾಹೀರಾತಿಗೆ ಕೇಳಿದಾಗಲೂ ಅವರು ಒಪ್ಪಲಿಲ್ಲ.

ತಪ್ಪು ಯಾರದು? ಕೇಳಿದವರದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆಲ್ಬಮ್‌ನ ಮುಖಪುಟದಲ್ಲಿ ರಾಷ್ಟ್ರಧ್ವಜದ ಪಟ್ಟೆಗಳಿವೆ, ಡ್ರಮ್ ಕವಾಯತಿಗೆ ಕರೆಯುವಂತಿದೆ. ಇಷ್ಟೆಲ್ಲ ಇಟ್ಟು, ಜನ ಧ್ವಜ ಬೀಸಿದರೆಂದು ಆಶ್ಚರ್ಯಪಟ್ಟರೆ ಹೇಗೆ? ಆ ಎಡವಟ್ಟಿನಲ್ಲಿ ಹಾಡಿನ ರಚನೆಗೂ ಪಾಲಿದೆ ಎಂದೇ ನನ್ನ ಎಣಿಕೆ.

ಜಾಹೀರಾತಿನವರು ಹೇಗೆ ಕತ್ತರಿಸುತ್ತಾರೆ ಎಂಬುದಕ್ಕೆ ಸೀಗರ್ ಅವರ 'ಲೈಕ್ ಎ ರಾಕ್' ಇನ್ನೂ ಸ್ಪಷ್ಟ ಉದಾಹರಣೆ. 1986ರ ಹಾಡು. ನಡುವಯಸ್ಸಿನವನೊಬ್ಬ ಹದಿನೆಂಟರ ತನ್ನನ್ನು ನೆನೆದು, ಇಪ್ಪತ್ತು ವರ್ಷ ಎಲ್ಲಿ ಹೋಯಿತೋ ಎಂದು ಕೇಳಿಕೊಳ್ಳುತ್ತಾನೆ. ಬಂಡೆಯಂತೆ ಗಟ್ಟಿಯಾಗಿ ಇದ್ದೆ, ಎಂದು ಭೂತಕಾಲದಲ್ಲಿ ಹೇಳುತ್ತಾನೆ. 1991ರಿಂದ ಶೆವರ್ಲೆ ತನ್ನ ಟ್ರಕ್ಕುಗಳ ಜಾಹೀರಾತಿಗೆ ಅದನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಳಸಿತು. ಅಲ್ಲಿ ಕೇಳಿಸುತ್ತಿದ್ದುದು ಬಂಡೆ ಮಾತ್ರ, ಕಳೆದುಹೋದ ಇಪ್ಪತ್ತು ವರ್ಷವಲ್ಲ. ಡೆಟ್ರಾಯಿಟ್‌ನ ಕಾರು ಕಾರ್ಮಿಕರನ್ನು ನೆನೆದು ಒಪ್ಪಿಗೆ ಕೊಟ್ಟೆ ಎಂದು ಸೀಗರ್ ಹೇಳಿಕೊಂಡಿದ್ದಾರೆ. ಆ ಕಾರಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಹಾಡನ್ನು ಪೂರ್ತಿ ಕೇಳಿದ ಮೇಲೆ ಜಾಹೀರಾತು ಬೋಳಾಗಿ ಕಾಣುತ್ತದೆ.

ಹಂತ 6: ಪಲ್ಲವಿಯನ್ನು ಪ್ರತಿ ಸಲ ಯಾರು ಹೇಳುತ್ತಿದ್ದಾರೆ?

ಈ ಪ್ರಶ್ನೆ ಕಲಿತರೆ ಉಳಿದ ಹಾಡುಗಳು ತಾವಾಗಿ ತೆರೆದುಕೊಳ್ಳುತ್ತವೆ. ಅಭ್ಯಾಸಕ್ಕೆ ಅದೇ ಆಲ್ಬಮ್‌ನ ಕೊನೆಯ ಹಾಡು, 'ಮೈ ಹೋಮ್‌ಟೌನ್', ತೆಗೆದುಕೊಳ್ಳಿ. ಇಲ್ಲಿ ಕೂಗಾಟವಿಲ್ಲ, ಪಲ್ಲವಿ ಗುನುಗಿದಷ್ಟು ಮೆಲ್ಲಗಿದೆ. ಎಂಟು ವರ್ಷದ ಹುಡುಗನನ್ನು ಅಪ್ಪ ಕಾರಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಚುಕ್ಕಾಣಿ ಹಿಡಿಸಿ, ಇದು ನಿನ್ನ ಊರು ಎಂದು ತೋರಿಸುತ್ತಾನೆ. ಎರಡನೆಯ ಚರಣದಲ್ಲಿ 1965ರ ಕರಿಯರ ಮತ್ತು ಬಿಳಿಯರ ಜಗಳ, ಗುಂಡಿನ ಸದ್ದು. ಇಲ್ಲಿ ಊರು ಅವನ ಬಾಯಲ್ಲೇ "ನನ್ನ ಊರು" ಆಗುತ್ತದೆ. ಮೂರನೆಯದರಲ್ಲಿ ಮುಖ್ಯ ಬೀದಿಯ ಅಂಗಡಿಗಳು ಖಾಲಿ, ರೈಲು ಹಳಿಯಾಚೆಯ ಜವಳಿ ಗಿರಣಿ ಮುಚ್ಚುತ್ತಿದೆ. ಮೇಸ್ತ್ರಿ ಹೇಳುತ್ತಾನೆ, ಈ ಕೆಲಸಗಳು ಹೋಗುತ್ತಿವೆ, ಇನ್ನು ವಾಪಸು ಬರುವುದಿಲ್ಲ, ನಿಮ್ಮ ಊರಿಗೆ. ಅಪ್ಪನ ಪ್ರೀತಿಯ ಮಾತೇ ಈಗ ಮೇಸ್ತ್ರಿಯ ಬಾಯಲ್ಲಿ ಕೆಲಸದ ಕೊನೆಯ ನೋಟಿಸ್. ಕೊನೆಯ ಚರಣದಲ್ಲಿ ಮೂವತ್ತೈದರ ಅವನು ಹೆಂಡತಿಯೊಂದಿಗೆ ಊರು ಬಿಡುವ ಮಾತಾಡಿ, ಮಗನನ್ನು ಚುಕ್ಕಾಣಿಯ ಹಿಂದೆ ಕೂರಿಸಿ ಅದೇ ಸಾಲು ಹೇಳುತ್ತಾನೆ. ಹೊರಡುವ ಮುನ್ನ ನೋಡಿಕೊ ಎಂಬಂತೆ.

ಇದೇ ಪ್ರಶ್ನೆಯನ್ನು ಮೆಲೆನ್‌ಕ್ಯಾಂಪ್ ಅವರ 'ಪಿಂಕ್ ಹೌಸಸ್' ಹಾಡಿಗೆ ಕೇಳಿ ನೋಡಿ. 1983ರದು. ಇಂಡಿಯಾನಾದ ಹೆದ್ದಾರಿಯ ಪಕ್ಕ, ಗುಲಾಬಿ ಬಣ್ಣದ ಸಣ್ಣ ಮನೆಯ ಮುಂದೆ ಕುಳಿತಿದ್ದ ಕಪ್ಪು ಮುದುಕನನ್ನು ಕಂಡು ಹುಟ್ಟಿದ್ದು. ಹೆದ್ದಾರಿ ಅವನ ಅಂಗಳದಲ್ಲೇ ಹಾದುಹೋಗುತ್ತದೆ. ಇದೇ ಅಲ್ಲವೇ ಅಮೆರಿಕ, ಎನ್ನುತ್ತದೆ ಪಲ್ಲವಿ. ಮುಂದಿನ ಚರಣದಲ್ಲಿ ನೀನು ಅಧ್ಯಕ್ಷನಾಗುತ್ತೀ ಎಂದು ಚಿಕ್ಕಂದಿನಲ್ಲಿ ಹೇಳಿಸಿಕೊಂಡ ಹುಡುಗ, ಎಲ್ಲ ಕನಸುಗಳ ಹಾಗೆ ಅದೂ ಬಂದು ಹೋಯಿತು ಎನ್ನುತ್ತಾನೆ. ಅದರ ನಂತರವೂ ಪಲ್ಲವಿ ಅದೇ. ಈ ಬಾರಿ ವ್ಯಂಗ್ಯ ಕೇಳಿಸದಿದ್ದರೆ ಹಾಡು ಪ್ರಚಾರ ಸಭೆಗೆ ಲಾಯಕ್ಕಾಗುತ್ತದೆ, ಆಗಿಯೂ ಇದೆ. 2008ರಲ್ಲಿ ಜಾನ್ ಮೆಕೇನ್ ಅವರ ಚುನಾವಣಾ ಪ್ರಚಾರದಲ್ಲಿ ಬಳಸುವುದನ್ನು ನಿಲ್ಲಿಸುವಂತೆ ಮೆಲೆನ್‌ಕ್ಯಾಂಪ್ ಕಡೆಯವರು ಕೇಳಬೇಕಾಯಿತು.

ಕಿತ್ತುಕೊಳ್ಳಲು ಬಾರದಂಥ ಪಲ್ಲವಿ ಬೇಕಿದ್ದರೆ ಅವರದೇ 'ರೇನ್ ಆನ್ ದ ಸ್ಕೇರ್‌ಕ್ರೋ' ಇದೆ, 1985ರದು. 1970ರ ದಶಕದಲ್ಲಿ ಜಮೀನಿನ ಬೆಲೆ ಏರುತ್ತಿದ್ದಾಗ ಅಮೆರಿಕದ ರೈತರು ಅದನ್ನೇ ಅಡವಿಟ್ಟು ಸಾಲ ಮಾಡಿದರು. ದಶಕದ ಕೊನೆಗೆ ಬಡ್ಡಿ ಏರಿತು, ಆಮೇಲೆ ಜಮೀನಿನ ಬೆಲೆ ಕುಸಿಯಿತು, ಬ್ಯಾಂಕುಗಳು ಹರಾಜಿಗೆ ಇಳಿದವು. ಹಾಡಿನಲ್ಲಿ ಹರಾಜು ಕೂಗಲು ಬರುವವನು ರೈತನ ಹಳೆಯ ಸ್ನೇಹಿತ. ಇದು ನನ್ನ ಕೆಲಸ, ಅರ್ಥಮಾಡಿಕೊ ಎನ್ನುತ್ತಾನೆ. ಶುದ್ಧೀಕರಣ ಘಟಕದ ನೇಮಕಾತಿಯವನ ಒಡಹುಟ್ಟಿದವನೇ ಇವನು. ನೇಗಿಲಿನ ಮೇಲೆ ರಕ್ತ, ಬೆರ್ಚಪ್ಪನ ಮೇಲೆ ಮಳೆ ಎಂಬ ಪಲ್ಲವಿಯನ್ನು ಯಾವ ಟ್ರಕ್ ಕಂಪನಿಯೂ ಕೇಳಿಕೊಂಡು ಬರಲಾರದು. ಆ ಆಲ್ಬಮ್ ಬಂದ ವರ್ಷವೇ, ಸೆಪ್ಟೆಂಬರ್ 22ರಂದು, ಇಲಿನಾಯ್‌ನ ಶಾಂಪೇನ್‌ನ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ವಿಲ್ಲಿ ನೆಲ್ಸನ್, ನೀಲ್ ಯಂಗ್ ಜೊತೆ ಸೇರಿ ಮೆಲೆನ್‌ಕ್ಯಾಂಪ್ ರೈತರ ನೆರವಿಗೆ 'ಫಾರ್ಮ್ ಏಡ್' ಎಂಬ ಕಛೇರಿ ನಡೆಸಿದರು. ಅದು ಇಂದಿಗೂ ನಡೆದು ಬಂದಿದೆ.

ಹಂತ 7: ಚರಣದಲ್ಲಿ ಬಾಯಿ ಇಲ್ಲದವರನ್ನು ಹುಡುಕಿ

ಇಷ್ಟು ಕೇಳಿದ ಮೇಲೆ ಒಂದು ಕೊರತೆ ಎದ್ದು ಕಾಣುತ್ತದೆ. ಮಾತನಾಡುವವರೆಲ್ಲ ಗಂಡಸರು, ಹೆಚ್ಚುಕಡಿಮೆ ಬಿಳಿಯರು. ಸ್ಪ್ರಿಂಗ್‌ಸ್ಟೀನ್ ಅವರ 'ದ ರಿವರ್' (1980) ಕೇಳಿ: ಹುಡುಗಿ ಬಸುರಿಯಾಗುತ್ತಾಳೆ, ಹತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಹುಡುಗನಿಗೆ ಕಾರ್ಮಿಕ ಸಂಘದ ಕಾರ್ಡ್ ಮತ್ತು ಮದುವೆಯ ಕೋಟು ಸಿಗುತ್ತವೆ. ಆ ಎರಡು ವಸ್ತುಗಳಲ್ಲಿ ಇಡೀ ಬದುಕು ಕಟ್ಟಿಹೋಯಿತು, ಒಪ್ಪೋಣ. ಆದರೆ ಮೇರಿ ಎಂಬ ಆ ಹುಡುಗಿಗೆ ಅನ್ನಿಸಿದ್ದೇನು? ತನಗೇನೂ ಬೇಸರವಿಲ್ಲವೆಂಬಂತೆ ಇದ್ದಳು ಎಂದು ಅವನು ಹೇಳುತ್ತಾನೆ, ಅಷ್ಟೇ. ಈ ಹಾಡುಗಳಲ್ಲಿ ಹೆಣ್ಣು ಕಾರಿನ ಪಕ್ಕದ ಸೀಟಿನಲ್ಲಿ ಕೂತಿರುತ್ತಾಳೆ. ಕಾರು ಎಲ್ಲಿಗೆ ಹೋಗಬೇಕೆಂದು ಅವಳನ್ನು ಕೇಳುವವರು ಕಡಿಮೆ.

ಆದ್ದರಿಂದ ಕೊನೆಗೆ ಟ್ರೇಸಿ ಚಾಪ್‌ಮನ್ ಅವರ 'ಫಾಸ್ಟ್ ಕಾರ್' (1988) ಕೇಳಿ. ಕಾರ್ಖಾನೆ ಊರಾದ ಒಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಬೆಳೆದ ಕಪ್ಪು ಮಹಿಳೆ ಬರೆದ ಹಾಡು. ಅಂಗಡಿಯವರು ಇದನ್ನು ಜಾನಪದ ಗಾಯನದ ಕಪಾಟಿನಲ್ಲಿ ಇಡುತ್ತಿದ್ದರು. ನನ್ನ ಮಟ್ಟಿಗೆ ಇದರ ಜಾಗ ಇಲ್ಲಿಯೇ. ಪಕ್ಕದ ಸೀಟಿನವಳೇ ಇಲ್ಲಿ ಕಥೆ ಹೇಳುತ್ತಾಳೆ: ಕುಡುಕ ಅಪ್ಪ, ಬಿಟ್ಟುಹೋದ ಅಮ್ಮ, ಅಪ್ಪನನ್ನು ನೋಡಿಕೊಳ್ಳಲು ಬಿಟ್ಟ ಶಾಲೆ, ಅಂಗಡಿಯ ಗಲ್ಲಾದ ಕೆಲಸ. ಚರಣದಲ್ಲಿ ಗಿಟಾರೇ ಮುಂದೆ. ಕಾರು ಓಡಿದ ಆ ರಾತ್ರಿಯ ನೆನಪಿನ ಪಲ್ಲವಿ ಬಂದಾಗ ಡ್ರಮ್ ಜೋರಾಗುತ್ತದೆ, ಕಿವಿಗೆ ವೇಗ ಸಿಗುತ್ತದೆ. ನೆನಪು ಮುಗಿದ ಕೂಡಲೆ ಮತ್ತೆ ಗಿಟಾರು, ಮತ್ತೆ ಗಲ್ಲಾ. ಹಾಡಿನ ಆರಂಭದ ಕಡೆ, ಇಂದು ರಾತ್ರಿ ಹೊರಡುವುದೋ ಹೀಗೇ ಬದುಕಿ ಸಾಯುವುದೋ ನಾವು ನಿರ್ಧರಿಸಬೇಕು ಎಂದು ಅವಳು ಅವನಿಗೆ ಹೇಳುತ್ತಾಳೆ. ಕೊನೆಯಲ್ಲಿ ಅದೇ ಸಾಲು ಮರಳುತ್ತದೆ, ಒಂದೇ ಒಂದು ಪದದ ವ್ಯತ್ಯಾಸದೊಂದಿಗೆ. ಆಗ "ನಾವು" ಇದ್ದಲ್ಲಿ ಈಗ "ನೀನು" ಇದೆ.